ಮಗಳ ನೋಂದಣಿ, ಅವ್ವನ ಒಪ್ಪಿಗೆ: ಒಂದು ಇಮೇಲ್ ಖಾತೆಯ ಪ್ರಕರಣ

2025ರ ಜುಲೈ. ಹಾವೇರಿ ಜಿಲ್ಲೆಯ ನಮ್ಮೂರಿನ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ಬೆಳಗಿನ ಪತ್ರಿಕೆಗಳನ್ನು ಮೇಜಿನ ಮೇಲೆ ಹಾಕುತ್ತಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯನ್ನು ಕರೆದುಕೊಂಡು ಬಂದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಚೀಟಿ. ಅದರಲ್ಲಿ ಬಾಲ್‌ಪೆನ್ನಿನಿಂದ ಬರೆದ ಒಂದು ಜಿಮೇಲ್ ವಿಳಾಸ, ಕೆಳಗೆ ಪಾಸ್‌ವರ್ಡ್. ಹುಡುಗಿಯ ಹೆಸರಿನ ಮುಂದೆ @123 ಸೇರಿಸಿದ್ದೇ ಪಾಸ್‌ವರ್ಡ್. ತಾಲ್ಲೂಕು ಕೇಂದ್ರದ ಆನ್‌ಲೈನ್ ಸೆಂಟರ್‌ನಲ್ಲಿ ಐವತ್ತು ರೂಪಾಯಿಗೆ ಮಾಡಿಸಿಕೊಂಡು ಬಂದದ್ದು.

ಅವಳ ಶಾಲೆಯಿಂದ ಒಂದು ವಿಜ್ಞಾನ ಮಾದರಿ ಸ್ಪರ್ಧೆಗೆ ಇವಳನ್ನು ಆರಿಸಿದ್ದರು. ಸ್ಪರ್ಧೆಯ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯೇ ನೋಂದಣಿ ಆಗಬೇಕು. ಪ್ರತಿ ವಿದ್ಯಾರ್ಥಿಗೂ ಬೇರೆ ಇಮೇಲ್ ಬೇಕು, ಪೋಷಕರ ಒಪ್ಪಿಗೆ ಬೇಕು. ಕೊನೆಯ ದಿನಕ್ಕೆ ಐದು ದಿನ ಉಳಿದಿತ್ತು. ಅವಳಿಗೆ ಹನ್ನೆರಡು ವರ್ಷ ಎಂಟು ತಿಂಗಳು. ಹದಿಮೂರು ತುಂಬುವುದು ನವೆಂಬರ್‌ನಲ್ಲಿ. ಇಡೀ ತೊಡಕು ಹುಟ್ಟಿದ್ದು ಆ ನಾಲ್ಕು ತಿಂಗಳಿನಿಂದ.

ಮನೆಯಲ್ಲಿ ಮೇಲ್ ಇರಲಿಲ್ಲವೆಂದಲ್ಲ. ಅವ್ವನ ಫೋನಿನಲ್ಲಿ ಒಂದು ಜಿಮೇಲ್ ಖಾತೆ ಇತ್ತು. ಆದರೆ ಹಿಂದಿನ ವರ್ಷ ಅಣ್ಣ ಇದೇ ಸ್ಪರ್ಧೆಗೆ ಆ ವಿಳಾಸ ಕೊಟ್ಟೇ ನೋಂದಣಿ ಆಗಿದ್ದ. ತಂಗಿಗೂ ಅದನ್ನೇ ಹಾಕಿದರೆ "This email is already registered" ಎಂದು ಪುಟ ನಿಂತುಬಿಡುತ್ತಿತ್ತು. ಅಣ್ಣನಿಗೆ ಹದಿನೈದು, ಅವನಿಗೆ ಸ್ವಂತ ಖಾತೆ ಮಾಡಿಕೊಟ್ಟು ಅವ್ವನ ವಿಳಾಸವನ್ನು ಬಿಡಿಸಿಕೊಳ್ಳೋಣ ಎಂದರೆ, ಅರ್ಜಿ ಸಲ್ಲಿಸಿದ ಮೇಲೆ ಆ ಪೋರ್ಟಲ್‌ನಲ್ಲಿ ಮೇಲ್ ಬದಲಿಸಲು ಬರುವುದಿಲ್ಲ.

ಚೀಟಿಯಲ್ಲಿದ್ದ ಖಾತೆ

ಮೊದಲು ಆ ಚೀಟಿಯ ಖಾತೆಯನ್ನೇ ತೆರೆಯಲು ನೋಡಿದೆ. ಹೊಸ ಕಂಪ್ಯೂಟರ್ ಎಂದು ಗೂಗಲ್ ಗುರುತು ಕೇಳಿತು. ಕೋಡ್ ಹೋದದ್ದು ಕೊನೆಯ ಎರಡು ಅಂಕಿ ಮಾತ್ರ ಕಾಣುವ ಒಂದು ಫೋನ್ ನಂಬರಿಗೆ. ಅದು ಅವ್ವನದ್ದಲ್ಲ, ಅಪ್ಪನದ್ದೂ ಅಲ್ಲ. ಸೆಂಟರ್‌ಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗ ಒಳ್ಳೆಯವನೇ, ಕೂಡಲೇ ಕೋಡ್ ಓದಿ ಹೇಳಿದ. ಒಳಗೆ ಹೋಗಿ "Personal info" ನೋಡಿದರೆ ಹುಟ್ಟಿದ ದಿನ 01-01-2000 ಎಂದಿತ್ತು.

ಹೀಗೆ ಮಾಡುವವರು ಕೆಟ್ಟ ಉದ್ದೇಶದಿಂದ ಮಾಡುವುದಿಲ್ಲ. ಹನ್ನೆರಡು ವರ್ಷದ ಹುಟ್ಟಿದ ದಿನ ಹಾಕಿದರೆ ಗೂಗಲ್ ಪೋಷಕರ ಖಾತೆ ಕೇಳುತ್ತದೆ, ಕೆಲಸ ಅಲ್ಲಿಗೆ ನಿಲ್ಲುತ್ತದೆ. ಭಾರತದಲ್ಲಿ ಗೂಗಲ್ ಖಾತೆಯನ್ನು ತಾನೇ ನಡೆಸಲು ಕನಿಷ್ಠ ಹದಿಮೂರು ವರ್ಷ ಆಗಿರಬೇಕು. ಎದುರಿಗೆ ಹತ್ತು ಜನ ಕಾಯುತ್ತಿರುವಾಗ 2000 ಎಂದು ಹಾಕಿಬಿಡುವುದು ಸುಲಭ. ಆದರೆ ಅದರ ಪರಿಣಾಮ ಅನುಭವಿಸುವುದು ಮಗು, ಅದೂ ತಿಂಗಳುಗಳ ನಂತರ. ಪೋರ್ಟಲ್‌ನಲ್ಲಿ ಹುಟ್ಟಿದ ದಿನ ಒಂದು, ಖಾತೆಯಲ್ಲಿ ಇನ್ನೊಂದು. ಯಾರೋ ಒಳ್ಳೆಯ ಮನಸ್ಸಿನಿಂದ ಖಾತೆಯ ದಿನಾಂಕವನ್ನು ಸರಿಪಡಿಸಲು ಹೋದರೆ, ವಯಸ್ಸು ಕಡಿಮೆ ಎಂದು ಗೂಗಲ್ ಹದಿನಾಲ್ಕು ದಿನದ ಗಡುವು ಕೊಡುತ್ತದೆ. ಅಷ್ಟರಲ್ಲಿ ಪೋಷಕರು ಮೇಲ್ವಿಚಾರಣೆಗೆ ತೆಗೆದುಕೊಳ್ಳದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಫಲಿತಾಂಶದ ಪತ್ರ ಬರುವ ವಾರದಲ್ಲೇ ಹಾಗಾದರೆ ಏನು ಮಾಡುವುದು?

ಸುಳ್ಳು ವಯಸ್ಸಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಫೋನ್ ನಂಬರು. ಖಾತೆಯ ಕೀಲಿ ಅಂಗಡಿಯವರ ಕೈಯಲ್ಲಿತ್ತು. ಅವರು ಸಿಮ್ ಬದಲಿಸಿದರೆ, ಅಂಗಡಿ ಮುಚ್ಚಿದರೆ, ಈ ಮನೆಯವರಿಗೆ ಒಳಗೆ ಹೋಗುವ ದಾರಿಯೇ ಇಲ್ಲ. ಪೋರ್ಟಲ್ ನೋಂದಣಿ ಇನ್ನೂ ಆಗಿರಲಿಲ್ಲವಾದ್ದರಿಂದ ಖಾತೆಯಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. "Data & privacy" ಪುಟದ ಕೊನೆಯಲ್ಲಿರುವ "Delete your Google Account" ಒತ್ತಿ ಅಳಿಸಿದೆವು. ಸರಿಪಡಿಸಲು ಕೂರುವುದಕ್ಕಿಂತ ಖಾಲಿ ಖಾತೆಯನ್ನು ಅಳಿಸುವುದೇ ವಾಸಿ.

ಒಪ್ಪಿಗೆ ಯಾರದ್ದು?

ಅಜ್ಜಿ ಆಧಾರ್ ಕಾರ್ಡ್ ತಂದಿದ್ದರು. "ನಾನs ಸಾಕೇನಿರಿ ಸರ, ನಂದs ಹೆಬ್ಬೆಟ್ಟು ತಗೋರಿ" ಅಂದರು. ಸಾಕಿದ್ದು ನಿಜ. ಅಪ್ಪ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ವರ್ಷಗಳಾಗಿವೆ. ಅವ್ವ ಬೆಳಗ್ಗೆ ಗೋವಿನಜೋಳದ ಹೊಲಕ್ಕೆ ಕಳೆ ತೆಗೆಯಲು ಹೋದರೆ ಬರುವುದು ಸಂಜೆಗೆ. ಶಾಲೆಯ ಸಭೆಗಳಿಗೂ ಅಜ್ಜಿಯೇ ಬರುತ್ತಾರೆ. ಆದರೆ ಪೋರ್ಟಲ್‌ನಲ್ಲಿ ಸಂಬಂಧದ ಪಟ್ಟಿ ತೆರೆದರೆ ಇದ್ದದ್ದು ಮೂರೇ: Father, Mother, Legal Guardian.

ಅಜ್ಜಿಗೆ ಬೇಜಾರಾಗದಂತೆ ವಿಷಯ ಬಿಡಿಸಿ ಹೇಳಬೇಕಿತ್ತು. ಸಾಕುವವರು ಬೇರೆ, ಕಾನೂನಿನ ಪಾಲಕರು ಬೇರೆ. ತಂದೆ-ತಾಯಿ ಸಹಜ ಪಾಲಕರು. ಉಳಿದ ಯಾರೇ ಆಗಲಿ, ಅಜ್ಜಿ, ಮಾವ, ದೊಡ್ಡಪ್ಪ, ಕಾನೂನಿನ ಪಾಲಕರು ಅನಿಸಿಕೊಳ್ಳಲು ಸಾಮಾನ್ಯವಾಗಿ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯದ ಆದೇಶ ಬೇಕು. ತಂದೆ-ತಾಯಿ ಇಬ್ಬರೂ ಇಲ್ಲದ ಮಕ್ಕಳ ವಿಷಯದಲ್ಲಿ ಇದು ದೊಡ್ಡ ಪ್ರಶ್ನೆಯೇ. ಈ ಮನೆಯಲ್ಲಿ ಅವ್ವ ಊರಲ್ಲೇ ಇದ್ದರು. ಆದ್ದರಿಂದ ಅಜ್ಜಿಯನ್ನು "Legal Guardian" ಎಂದು ಆರಿಸುವುದು ಸುಳ್ಳು ಹೇಳಿಕೆ ಆಗುತ್ತಿತ್ತು, ಅನಗತ್ಯವೂ ಆಗಿತ್ತು.

ಸಂಜೆ ಅವ್ವ ಬಂದರು. ಅವರಿಗೆ ಇನ್ನೊಂದು ಅಂಜಿಕೆ.

"ಅವರು ಗೋವಾದಾಗ ಅದಾರ್ರಿ ಸರ. ಅವರ ಸಹಿ ಇಲ್ಲದ ನಾ ಹೆಂಗ ಹಾಕ್ಲಿ?"

"ಅಕ್ಕಾರ, ನೀವು ತಾಯಿ. ನಿಮ್ಮ ಸಹಿ ಸಾಕು" ಅಂದೆ.

ಇದನ್ನು ಧೈರ್ಯಕ್ಕಾಗಿ ಹೇಳಿದ್ದಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂನಲ್ಲಿ "ತಂದೆ, ಅವನ ನಂತರ ತಾಯಿ" ಎಂದಿದೆ. ಆ "ನಂತರ" ಎಂಬುದನ್ನು ತಂದೆ ತೀರಿಕೊಂಡ ಮೇಲೆ ಎಂದೇ ಹಲವರು ಓದುತ್ತಿದ್ದರು. ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಆ ಓದನ್ನು ಸರಿಪಡಿಸಿತು: ತಂದೆಯ ಗೈರಿನಲ್ಲಿ ಎಂದು ಅದನ್ನು ಅರ್ಥ ಮಾಡಿಕೊಳ್ಳಬೇಕು, ತಂದೆ ಬದುಕಿರುವಾಗಲೂ, ಯಾವುದೇ ಕಾರಣಕ್ಕೆ ಅವರು ಮಗುವಿನ ಹೊಣೆ ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ತಾಯಿ ಪಾಲಕಳಾಗಿ ನಡೆದುಕೊಳ್ಳಬಹುದು. ಇಷ್ಟು ವರ್ಷಗಳ ನಂತರವೂ ಫಾರ್ಮಿನ ಮುಂದೆ ಕೂತ ತಾಯಂದಿರು ಗಂಡನ ಫೋನಿಗಾಗಿ ಕಾಯುವುದನ್ನು ನೋಡಿದಾಗ ಸಂಕಟವಾಗುತ್ತದೆ. ಈ ಪೋರ್ಟಲ್ ಅಂತೂ Mother ಎಂಬುದನ್ನು ಪಟ್ಟಿಯಲ್ಲೇ ಇಟ್ಟಿತ್ತು.

ಅಪ್ಪನ ನಂಬರಿಗೆ ಒಪ್ಪಿಗೆಯ ಓಟಿಪಿ ಕಳಿಸಿ, ಅವರಿಂದ ಫೋನಿನಲ್ಲಿ ಓದಿಸಿಕೊಳ್ಳುವ ದಾರಿಯೂ ಇತ್ತು. ಅದು ಬೇಡವೆಂದೆ. ಹತ್ತು ನಿಮಿಷದ ಓಟಿಪಿ, ಅವರು ಸೆಂಟ್ರಿಂಗ್ ಹಲಗೆಯ ಮೇಲೆ ನಿಂತಿರುತ್ತಾರೆ. ಯಾತಕ್ಕೆ ಎಂದು ಓದದೆ ಆರು ಅಂಕಿ ಹೇಳಿಬಿಡುವುದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಓಟಿಪಿಯನ್ನು ಫೋನಿನಲ್ಲಿ ಓದಿ ಹೇಳುವ ರೂಢಿ ಮನೆಯಲ್ಲಿ ಬೆಳೆದರೆ, ನಾಳೆ ಮೋಸಗಾರ ಕೇಳಿದರೂ ಹಾಗೆಯೇ ಹೇಳುತ್ತಾರೆ.

ಎರಡು ದಾರಿ

ಮೇಲ್ ವಿಷಯಕ್ಕೆ ಮೊದಲು ನನಗೆ ಹೊಳೆದದ್ದು ಅಡ್ಡದಾರಿ. ಜಿಮೇಲ್‌ನಲ್ಲಿ @ ಚಿಹ್ನೆಗೆ ಮುಂಚೆ + ಹಾಕಿ ಏನಾದರೂ ಸೇರಿಸಿದರೂ ಪತ್ರ ಅದೇ ಪೆಟ್ಟಿಗೆಗೆ ಬರುತ್ತದೆ. ಹೆಸರಿನ ನಡುವೆ ಚುಕ್ಕಿ ಇಟ್ಟರೂ ಅಷ್ಟೇ. ಅವ್ವನ ವಿಳಾಸದ ಮುಂದೆ + ಸೇರಿಸಿ ಕೊಟ್ಟಾಗ ಪೋರ್ಟಲ್ "Invalid email" ಎಂದಿತು. ಚುಕ್ಕಿಯನ್ನು ಒಪ್ಪುತ್ತಿತ್ತೇನೋ, ನಾನೇ ಬಿಟ್ಟೆ. ಅಣ್ಣ-ತಂಗಿ ಇಬ್ಬರ ಓಟಿಪಿಯೂ ಒಂದೇ ಪೆಟ್ಟಿಗೆಗೆ ಒಂದೇ ರೂಪದಲ್ಲಿ ಬಂದರೆ ಯಾವುದು ಯಾರದೆಂದು ಅವ್ವ ಹೇಗೆ ಗುರುತಿಸಬೇಕು?

ಹಾಗಾಗಿ ಉಳಿದದ್ದು ಗೂಗಲ್ ಹೇಳುವ ನೇರ ದಾರಿ, ಅವ್ವನ ಮೇಲ್ವಿಚಾರಣೆಯಲ್ಲಿ ಮಗಳ ಖಾತೆ. ಹೊಸ ಖಾತೆ ಮಾಡುವಾಗ ಮೊದಲು ಬರುವ ಆಯ್ಕೆಗಳಲ್ಲಿ "For my child" ಎಂಬುದಿದೆ. ಮಗುವಿನ ಹೆಸರು, ನಿಜವಾದ ಹುಟ್ಟಿದ ದಿನ, ಹೊಸ ವಿಳಾಸ, ಪಾಸ್‌ವರ್ಡ್ ಆದಮೇಲೆ ಪೋಷಕರು ತಮ್ಮ ಖಾತೆಯಿಂದ ಒಳಬಂದು ಒಪ್ಪಿಗೆ ಕೊಡಬೇಕು. ಆಮೇಲೆ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್‌ನಿಂದ ಅವ್ವನೇ ಮಗಳ ಪಾಸ್‌ವರ್ಡ್ ಬದಲಿಸಬಹುದು. ಅರ್ಧ ಗಂಟೆಯಲ್ಲಿ ಮುಗಿಯಿತು. ಆ ವಿಳಾಸವನ್ನು ಪೋರ್ಟಲ್‌ಗೆ ಕೊಟ್ಟು "Verify" ಒತ್ತಿ ಕೂತೆವು.

ಪತ್ರ ಬರಲಿಲ್ಲ. ಎರಡನೇ ಸಲ ಒತ್ತಿದೆವು, ಮೂರನೇ ಸಲವೂ. ಹುಡುಗಿ ಪರದೆಯನ್ನೇ ನೋಡುತ್ತ ಉಗುರು ಕಡಿಯುತ್ತಿದ್ದಳು.

ವಿಳಾಸ ತಪ್ಪಾಗಿದೆಯೇ ಎಂದು ಅಕ್ಷರ ಅಕ್ಷರ ನೋಡಿದೆ, ಸರಿಯಿತ್ತು. ಅವ್ವನ ಫೋನಿನಿಂದ ಒಂದು ಪತ್ರ ಕಳಿಸಿ ನೋಡಿದೆ, ಕ್ಷಣದಲ್ಲಿ ಬಂತು. ಅಂದರೆ ಪೆಟ್ಟಿಗೆ ಸರಿಯಿದೆ, ಪೋರ್ಟಲ್‌ನ ಪತ್ರ ಮಾತ್ರ ಸೇರುತ್ತಿಲ್ಲ. ಸ್ಪ್ಯಾಮ್ ನೋಡಿದರೆ ಅಲ್ಲೂ ಖಾಲಿ. ಅಷ್ಟರಲ್ಲಿ ಅಣ್ಣ ಒಂದು ಮಾತು ಹೇಳಿದ: "ಹ್ವಾದ ವರ್ಷ ನಂದೂ ಸ್ಪ್ಯಾಮ್‌ನ್ಯಾಗs ಬಂದಿತ್ರಿ ಸರ."

ಗಂಟು ಬಿಚ್ಚಿಕೊಂಡಿತು. ದೊಡ್ಡವರ ಜಿಮೇಲ್‌ನಲ್ಲಿ ಅನುಮಾನದ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುತ್ತದೆ, ಹುಡುಕಿ ತೆಗೆಯಬಹುದು. ಹದಿಮೂರರ ಒಳಗಿನ ಮೇಲ್ವಿಚಾರಣೆಯ ಖಾತೆಯಲ್ಲಿ ಹಾಗಲ್ಲ. ಸ್ಪ್ಯಾಮ್ ಎಂದು ಗುರುತಿಸಿದ ಪತ್ರವನ್ನು ಗೂಗಲ್ ಇನ್‌ಬಾಕ್ಸ್‌ಗೂ ಹಾಕುವುದಿಲ್ಲ, ಸ್ಪ್ಯಾಮ್ ಪೆಟ್ಟಿಗೆಗೂ ಹಾಕುವುದಿಲ್ಲ. ಮಗುವಿನ ಕಣ್ಣಿಗೆ ಬೇಡದ್ದು ಬೀಳದಿರಲಿ ಎಂಬ ಕಾಳಜಿ ಅದು, ಒಳ್ಳೆಯದೇ. ಆದರೆ ಸಾವಿರಾರು ಮಕ್ಕಳಿಗೆ ಒಂದೇ ಪತ್ರ ಕಳಿಸುವ ಪೋರ್ಟಲ್‌ನ ಮೇಲ್ ಸ್ಪ್ಯಾಮ್ ಎನಿಸಿಕೊಂಡರೆ ಅದು ಬಂದ ಕುರುಹೂ ಉಳಿಯುವುದಿಲ್ಲ. ಅಂಥ ಖಾತೆಯಿಂದ ಅವ್ವನ ಪೆಟ್ಟಿಗೆಗೆ ಪತ್ರಗಳು ತಾನಾಗಿಯೇ ಹೋಗುವಂತೆ ಮಾಡಲೂ ಬರುವುದಿಲ್ಲ. ಶಾಲೆಯ ಪಾಠಕ್ಕೆ, ವಿಡಿಯೋ ನೋಡಲು ಈ ಖಾತೆ ಸರಿ. ಒಂದು ಪತ್ರ ತಪ್ಪಿದರೆ ಅವಕಾಶವೇ ತಪ್ಪುವ ಕೆಲಸಕ್ಕೆ ಇದನ್ನು ನಂಬಿ ಕೂರುವ ಹಾಗಿಲ್ಲ.

ಎರಡನೇ ದಾರಿ ಅವ್ವನ ಹೆಸರಿನಲ್ಲೇ ಇನ್ನೊಂದು ಖಾತೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಒಬ್ಬ ವಯಸ್ಕರು ಒಂದಕ್ಕಿಂತ ಹೆಚ್ಚು ಖಾತೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಪೋರ್ಟಲ್ ಕೇಳಿದ್ದು ಈ ವಿದ್ಯಾರ್ಥಿಗೆ ಪತ್ರ ಕಳಿಸಲು ಬೇರೆ ಯಾರೂ ಬಳಸದ ವಿಳಾಸ. ಅದು ವಿದ್ಯಾರ್ಥಿಯ ಹೆಸರಲ್ಲೇ ಇರಬೇಕೆಂದು ಎಲ್ಲೂ ಬರೆದಿರಲಿಲ್ಲ. ಸೂಚನೆಗಳ ಪುಟ ತೆಗೆದು ನೋಡಿದೆ, "student's own or parent's" ಎಂದೇ ಇತ್ತು. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಅರ್ಜಿಯಲ್ಲೂ ತಮ್ಮದು ಅಥವಾ ಪೋಷಕರ ಮೇಲ್, ಮೊಬೈಲ್ ಕೊಡಿ ಎಂದೇ ಕೇಳುತ್ತಾರೆ. ಬೇಡವೆನ್ನುವುದು ಹೊರಗಿನವರ ವಿಳಾಸವನ್ನು.

ಈ ಖಾತೆಯಲ್ಲಿ ಹೆಸರು ಅವ್ವನದು, ಹುಟ್ಟಿದ ದಿನ ಅವ್ವನ ಆಧಾರ್‌ನಲ್ಲಿರುವಂತೆ, ಫೋನ್ ಅವ್ವನ ಕೈಯಲ್ಲಿರುವ ನಂಬರು. ಯಾವ ಅಂಕಣದಲ್ಲೂ ಸುಳ್ಳಿಲ್ಲ. ವಿಳಾಸದಲ್ಲಿ ಮಗಳ ಪೂರ್ತಿ ಹೆಸರು, ಹುಟ್ಟಿದ ಇಸವಿ, ಊರು ಬೇಡವೆಂದೆ. ವಿಳಾಸ ಎಷ್ಟೋ ಪಟ್ಟಿಗಳಲ್ಲಿ ಓಡಾಡುತ್ತದೆ, ನೋಡಿದವರಿಗೆ ಮಗುವಿನ ಗುರುತು ಸಿಗಬಾರದು. ಅವ್ವನ ಹೆಸರು, ಜೊತೆಗೆ ಅವರೇ ಆರಿಸಿದ ಒಂದು ಪದ, ಎರಡು ಅಂಕಿ. ಚೇತರಿಕೆಯ ಮೇಲ್ ಆಗಿ ಅವರ ಮೊದಲ ಖಾತೆಯನ್ನೇ ಕೊಟ್ಟೆವು. ಪೋರ್ಟಲ್‌ನ ಪತ್ರ ಈ ಸಲವೂ ಸ್ಪ್ಯಾಮ್‌ಗೇ ಬಂತು. ಆದರೆ ಬಂತು. "Report not spam" ಒತ್ತಿ ಹೊರಗೆ ತೆಗೆದೆವು. ಮುಂದಿನವು ಇನ್‌ಬಾಕ್ಸ್‌ಗೆ ಬಂದವು.

ಒಪ್ಪಿಗೆಯ ಪುಟ

ಎಲ್ಲರೂ ಓದದೆ ಮುಂದೆ ಸಾಗುವ ಪುಟ ಇದು. ಇಂಗ್ಲಿಷಿನಲ್ಲಿತ್ತು. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಮೂರು ಚೌಕಗಳಿದ್ದವು. ಮೊದಲನೆಯದು ಮಗಳು ಭಾಗವಹಿಸಲು ಒಪ್ಪಿಗೆ. ಎರಡನೆಯದು ಹೆಸರು, ತರಗತಿ, ಶಾಲೆ, ಬ್ಯಾಂಕ್ ಖಾತೆಯ ವಿವರವನ್ನು ಆಯ್ಕೆಗೆ ಮತ್ತು ಬಹುಮಾನಕ್ಕೆ ಬಳಸಲು ಒಪ್ಪಿಗೆ. ಮೂರನೆಯದು ಮಗಳ ಫೋಟೋ, ವಿಡಿಯೋಗಳನ್ನು ಪ್ರಚಾರಕ್ಕೆ ಬಳಸಲು. ಮೊದಲೆರಡರ ಪಕ್ಕ ಕೆಂಪು ನಕ್ಷತ್ರ ಇತ್ತು, ಮೂರನೆಯದಕ್ಕೆ ಇರಲಿಲ್ಲ. ನಕ್ಷತ್ರ ಇಲ್ಲದ್ದು ಕಡ್ಡಾಯವಲ್ಲ, ಬಿಟ್ಟರೂ ಅರ್ಜಿ ಹೋಗುತ್ತದೆ ಎಂದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳ ಕಡೆ ತಿರುಗಿ "ನಿನ್ನ ಫೋಟೋ ಎಲ್ಲಾ ಕಡೆ ಹಾಕ್ತಾರಂತ, ಬೇಕೇನು?" ಎಂದು ಕೇಳಿದರು. ಹುಡುಗಿ ಬೇಡವೆಂದು ತಲೆಯಾಡಿಸಿದಳು. ಮೂರನೇ ಚೌಕ ಖಾಲಿ ಬಿಟ್ಟರು. ಒಪ್ಪಿಗೆ ಕೊಡುವವರಿಗೆ ಕಾನೂನು ಕೊಟ್ಟ ಅಧಿಕಾರ ಇಷ್ಟು ಚೆಂದವಾಗಿ ಬಳಕೆಯಾದದ್ದನ್ನು ನಾನು ಬೇರೆ ಕಡೆ ನೋಡಿಲ್ಲ. ಮಗುವನ್ನು ಕೇಳಬೇಕೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹದಿನೆಂಟು ತುಂಬದ ಎಲ್ಲರೂ ಮಕ್ಕಳೇ. ಅವರ ಮಾಹಿತಿ ಬಳಸುವ ಮೊದಲು ತಂದೆ-ತಾಯಿ ಅಥವಾ ಕಾನೂನಿನ ಪಾಲಕರಿಂದ, ಪರಿಶೀಲಿಸಬಹುದಾದ ರೀತಿಯಲ್ಲಿ, ಒಪ್ಪಿಗೆ ಪಡೆಯಬೇಕೆಂದು 9ನೇ ಕಲಂ ಹೇಳುತ್ತದೆ. ಇಲ್ಲಿ ಒಂದು ಗೊಂದಲ ಸಾಮಾನ್ಯ. ಗೂಗಲ್‌ನ ಹದಿಮೂರು ಖಾತೆ ನಡೆಸುವ ವಯಸ್ಸು. ಕಾಯ್ದೆಯ ಹದಿನೆಂಟು ಒಪ್ಪಿಗೆಯ ವಯಸ್ಸು. ಅಣ್ಣನಿಗೆ ಹದಿನೈದಾಗಿದೆ, ಸ್ವಂತ ಮೇಲ್ ಇಟ್ಟುಕೊಳ್ಳಬಹುದು, ಆದರೆ ಪೋರ್ಟಲ್‌ನ ಒಪ್ಪಿಗೆ ಪುಟಕ್ಕೆ ಅವನಿಗೂ ಅವ್ವ ಬೇಕು. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಕ್ಕಳ ಒಪ್ಪಿಗೆಯ ಭಾಗಕ್ಕೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಒಪ್ಪಿಗೆ ಕೊಡುವವರು ನಿಜಕ್ಕೂ ವಯಸ್ಕರೇ ಎಂದು ಪೋರ್ಟಲ್‌ನವರು ಆಗ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಡಿಜಿಲಾಕರ್‌ನಂಥ ವ್ಯವಸ್ಥೆಯ ಮೂಲಕವೂ ಅದನ್ನು ಮಾಡಬಹುದು. 01-01-2000ರ ಖಾತೆಗಳು ಅಲ್ಲಿ ಸಿಕ್ಕಿಬೀಳುತ್ತವೆ.

ಅವ್ವನ ಫೋನಿಗೆ ಓಟಿಪಿ ಬಂತು. ಅವರೇ ಓದಿ, ಅವರೇ ಒತ್ತಿದರು. ಆರು ಅಂಕಿಗೆ ಒಂದು ನಿಮಿಷ ಹಿಡಿಯಿತು. ನಾನು ಕೀಬೋರ್ಡಿಗೆ ಕೈ ಹಚ್ಚಲಿಲ್ಲ. ಸ್ವೀಕೃತಿ ಪತ್ರದ ಮುದ್ರಿತ ಪ್ರತಿಯ ಮೇಲೆ ಅವರು ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಮಾಡಿದರು.

ಆಮೇಲೆ

ಕೇಂದ್ರದ ಕಂಪ್ಯೂಟರ್ ಹತ್ತಾರು ಜನ ಬಳಸುವಂಥದ್ದು. ಅದಕ್ಕೇ ಇಷ್ಟೂ ಕೆಲಸವನ್ನು ಬ್ರೌಸರ್‌ನ ಅತಿಥಿ ಕಿಟಕಿಯಲ್ಲಿ ಮಾಡಿದ್ದೆವು. ಮುಚ್ಚಿದರೆ ಏನೂ ಉಳಿಯುವುದಿಲ್ಲ. ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದಾಗ ಬೇಡವೆಂದೆವು. ಎರಡು ಹಂತದ ಪರಿಶೀಲನೆ ಹಾಕಿ, "Backup codes" ತೆಗೆದೆವು. ಎಂಟೆಂಟು ಅಂಕಿಯ ಹತ್ತು ಕೋಡುಗಳು, ಒಂದೊಂದೂ ಒಂದೇ ಸಲಕ್ಕೆ. ಫೋನ್ ಕಳೆದರೆ ಇವೇ ಆಸರೆ. ಹುಡುಗಿ ಅವನ್ನು ನೂರು ಪುಟದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ದುಂಡಗೆ ಬರೆದಳು. ಅಜ್ಜಿ ಅದನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟಿದ್ದಾರೆ. ಹೆಬ್ಬೆಟ್ಟು ಬೇಡವೆಂದದ್ದಕ್ಕೆ ಆದ ಬೇಸರ ಅಲ್ಲಿಗೆ ಸ್ವಲ್ಪ ಕರಗಿತು.

ಮಗಳಿಗಾಗಿ ಮಾಡಿದ್ದ ಮೇಲ್ವಿಚಾರಣೆಯ ಖಾತೆಯನ್ನು ಅಳಿಸಲಿಲ್ಲ. ನವೆಂಬರ್‌ನಲ್ಲಿ ಹದಿಮೂರು ತುಂಬಿದಾಗ, ಖಾತೆಯನ್ನು ಇನ್ನು ತಾನೇ ನಡೆಸುವೆಯೋ ಎಂದು ಅದು ಅವಳನ್ನು ಕೇಳಿತು. ಅವ್ವ-ಮಗಳು ಮಾತಾಡಿಕೊಂಡು ಅವ್ವನ ಮೇಲ್ವಿಚಾರಣೆಯನ್ನೇ ಮುಂದುವರಿಸಿದ್ದಾರೆ. ಪೋರ್ಟಲ್‌ನಲ್ಲಿ ಮಾತ್ರ ಅವ್ವನ ಎರಡನೇ ಖಾತೆಯೇ ಇದೆ, ಬದಲಿಸಲು ಬರುವುದಿಲ್ಲವಲ್ಲ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದಾದ್ದರಿಂದ, ಪ್ರತಿ ತಿಂಗಳ ಮೊದಲ ಭಾನುವಾರ ಅದನ್ನು ತೆರೆದು ನೋಡುವ ಕೆಲಸ ಅಣ್ಣನದ್ದು. ಸ್ಪ್ಯಾಮ್ ಪೆಟ್ಟಿಗೆಯನ್ನೂ ಅವನು ನೋಡುತ್ತಾನೆ.